ಕೊಸರಿಗೆ ದರವಿಲ್ಲ

ದೇವನಹಳ್ಳಿ ಹತ್ತಿರದ ನಮ್ಮ ವಿಜಯಪುರದಲ್ಲಿ ಶಶಿರೇಖಾ ಟೀಚರ್ ಗೊತ್ತಿಲ್ಲದವರಿಲ್ಲ. ಅವಳ ಮನೆ ಬಾಗಿಲು ತಟ್ಟುವವರೂ ಇಲ್ಲ. ಎರಡು ಮಾತೂ ನಿಜ. ಊರಿನ ಅರ್ಧ ಜನಕ್ಕೆ ಸಂಧಿ ಸಮಾಸ ಹೇಳಿಕೊಟ್ಟವಳು ಅವಳು. ಸಂಧಿ ಕಲಿತವರು ರಸ್ತೆಯಲ್ಲಿ ಸಿಕ್ಕರೆ "ನಮಸ್ಕಾರ ಮಿಸ್" ಅಂತಾರೆ, ಗಾಡಿ ನಿಲ್ಲಿಸುವುದಿಲ್ಲ.

ನನ್ನ ದಿನಸಿ ಅಂಗಡಿಗೆ ಅವಳು ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ. ನಾವಿಬ್ಬರೂ ಒಂದೇ ಕ್ಲಾಸಿನಲ್ಲಿ ಓದಿದವರು. ಅವಳು ಮುಂದಿನ ಬೆಂಚು, ನಾನು ಬಾಗಿಲ ಹತ್ತಿರದ್ದು. ಹಾಗಾಗಿ ಅವಳಿಗೆ ನಾನು ಈಗಲೂ ಬರೀ ಮುನೀಂದ್ರ. ನಾನು ಮಾತ್ರ "ಬನ್ನಿ ಟೀಚರಮ್ಮ" ಅಂತಲೇ ಕರೆಯುವುದು. ಮರ್ಯಾದೆ ಕೊಟ್ಟರೆ ಅವಳಿಗೆ ಸಿಟ್ಟು ಬರುತ್ತೆ ಅಂತ ಗೊತ್ತಿದೆಯಲ್ಲ, ಅದಕ್ಕೆ.

ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಬಂದು ಎಷ್ಟೋ ಕಾಲವಾಯಿತು. ಆದರೂ ರಾಗಿಗೆ ನಮ್ಮಪ್ಪನ ಕಾಲದ ಸೇರನ್ನು ಇಟ್ಟುಕೊಂಡಿದ್ದೇನೆ. ಹಳೇ ಗಿರಾಕಿಗಳಿಗೆ ಅದರಲ್ಲಿ ಅಳೆದು, ಆಮೇಲೆ ತಕ್ಕಡಿಗೂ ಇಟ್ಟು ತೋರಿಸುತ್ತೇನೆ. ಒಂದೇ ವ್ಯಾಪಾರಕ್ಕೆ ಎರಡು ಸಲ ನಂಬಿಕೆ. ಅಳೆಯುವಾಗ ನಮ್ಮ ಕಡೆ 'ಒಂದು' ಅನ್ನುವುದಿಲ್ಲ. ಮೊದಲ ಸೇರಿಗೆ 'ಲಾಭ' ಅನ್ನಬೇಕು. ಲಾಭ, ಎರಡು, ಮೂರು, ಹೀಗೆ. ಎಲ್ಲ ಅಳೆದಾದ ಮೇಲೆ ಒಂದು ಹಿಡಿ ಮೇಲೆ ಹಾಕಬೇಕು. ಅದು ಕೊಸರು. ಅದಕ್ಕೆ ದುಡ್ಡಿಲ್ಲ. ಕೊಸರು ಹಾಕದ ಅಂಗಡಿಗೆ ಗಿರಾಕಿ ಎರಡನೇ ಸಲ ಬರಲ್ಲ ಅಂತ ನಮ್ಮಪ್ಪ ಹೇಳುತ್ತಿದ್ದ. ಆ ಹಿಡಿಯ ಬೆಲೆಯನ್ನು ಅವನು ಬೆಲ್ಲದಲ್ಲಿ ಎತ್ತಿಕೊಳ್ಳುತ್ತಿದ್ದ, ಅದು ಬೇರೆ ವಿಷಯ.

ಶಶಿರೇಖಾಳಿಗೆ ಅಳೆಯುವುದು ಎರಡೇ ಸೇರು. ಲಾಭ, ಎರಡು. ಮುಗಿಯಿತು. ಅವಳ ಮನೆಯ ಲೆಕ್ಕ ಎರಡು ದಾಟಿದ್ದನ್ನು ನಾನು ಅವಳ ತಾಯಿ ವರಲಕ್ಷ್ಮಮ್ಮ ಹೋದ ಮೇಲೆ ನೋಡಿಲ್ಲ.

ಅವಳ ಗಂಟಲಿನ ಬಗ್ಗೆ ಹೇಳಬೇಕು. ಅವರಪ್ಪ ಮನೆಯ ಮುಂದಿನ ಹಜಾರದಲ್ಲೇ ರೇಷ್ಮೆಗೆ ಹುರಿ ಹಾಕುವ ಮಿಷನ್ನು ಇಟ್ಟಿದ್ದರು. ಹಗಲೂ ರಾತ್ರಿ ಗರಗರ. ಆ ಸದ್ದಿನ ಮೇಲೆ ಉಪ್ಪು ಕೇಳಬೇಕಾದರೂ ಕೂಗಬೇಕಿತ್ತು. ಹಾಗೆ ಬೆಳೆದ ಗಂಟಲು ಅದು. ಖಾಸಗಿ ಶಾಲೆಯಲ್ಲಿ ಅವಳು ಪಾಠ ಮಾಡುವಾಗ ಪಕ್ಕದ ಕ್ಲಾಸಿನ ಮಕ್ಕಳೂ ಪಾಸಾಗುತ್ತಿದ್ದರು ಅಂತ ನಾವು ತಮಾಷೆ ಮಾಡುತ್ತಿದ್ದೆವು. ಹೆಣ್ಣು ನೋಡಲು ಬಂದ ಇಬ್ಬರು ಮೂವರು ಅದೇ ಗಂಟಲು ಕೇಳಿ ಉಪ್ಪಿಟ್ಟು ತಿಂದು ಎದ್ದು ಹೋದರಂತೆ. ಅಪ್ಪ ಹೋದ ಮೇಲೆ ಮಿಷನ್ನು ಶಿಡ್ಲಘಟ್ಟದವರ ಪಾಲಾಯಿತು. ಶಾಲೆಯವರು ಕನ್ನಡದ ಪೀರಿಯಡ್ ಕಡಿಮೆ ಮಾಡಿ, ಹೊಸ ಹುಡುಗಿಯನ್ನು ತಂದು, ಇವಳಿಗೊಂದು ಶಾಲು ಹೊದಿಸಿದರು. ಆಮೇಲೆ ತಾಯಿ. ತಮ್ಮ ವಸಂತ ಹೊಸಕೋಟೆಯಲ್ಲಿದ್ದಾನೆ, ಭಾನುವಾರ ಫೋನ್ ಮಾಡಿ "ಊಟ ಆಯ್ತಾ ಅಕ್ಕ?" ಅಂತಾನೆ. ಆಯ್ತು ಅಂದರೆ ಇಟ್ಟುಬಿಡುತ್ತಾನೆ. ಇನ್ನೂ ಆಗಿಲ್ಲ ಅಂದರೆ "ಮಾಡು ಮಾಡು" ಅಂತ ಇನ್ನೂ ಬೇಗ ಇಡುತ್ತಾನೆ.

ಸದ್ದೇ ಇಲ್ಲದ ಮನೆಯಲ್ಲಿ ಅಷ್ಟು ದೊಡ್ಡ ಗಂಟಲು ಇಟ್ಟುಕೊಂಡು ಏನು ಮಾಡುವುದು? ಅಂಗಡಿಗೆ ಬಂದು "ಮುನೀಂದ್ರಾ, ರಾಗಿ!" ಅಂದಳೆಂದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ತಿರುಗಿ ನೋಡುತ್ತಾರೆ. ರಾಗಿ ಕಟ್ಟಿಸಿಕೊಂಡ ಮೇಲೂ ನಿಂತಿರುತ್ತಾಳೆ. ಬೇಳೆ ಹೇಗೆ, ಎಣ್ಣೆ ಹೇಗೆ, ಮಳೆ ಬರುತ್ತಾ. ಅವಳಿಗೆ ಬೇಳೆ ಬೇಕಿಲ್ಲ ಅಂತ ನನಗೂ ಗೊತ್ತು. ಆದರೂ ದರ ಹೇಳುತ್ತೇನೆ. ವ್ಯಾಪಾರಸ್ಥನಿಗೆ ದರ ಹೇಳಲು ಏನು ಕಷ್ಟ?

ಹೋದ ವರ್ಷ ಅವಳ ಹಳೇ ವಿದ್ಯಾರ್ಥಿನಿ ಚಂದನ ಫೋನ್ ಮಾಡಿದಳು. ಚಂದನ ಏರ್‌ಪೋರ್ಟ್ ಕಡೆಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಅವಳ ಜೊತೆಯವಳೊಬ್ಬಳು ರೂಪ ಅಂತ, ಒಡಿಶಾದ ಕಟಕ್‌ನವಳು, ದೇವನಹಳ್ಳಿ ಆಚೆ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇರುವವಳು, ಕನ್ನಡ ಕಲಿಯಬೇಕಂತೆ. ಮಂಗಳವಾರ, ಶುಕ್ರವಾರ ಸಂಜೆ, ಮನೆಗೆ ಬಂದು ಹೇಳಿಕೊಡಬೇಕು. ಒಂದು ಕ್ಲಾಸಿಗೆ ಐನೂರು.

ಅಂದಿನಿಂದ ಶಶಿರೇಖಾಳಿಗೆ ವಾರದಲ್ಲಿ ಎರಡೇ ದಿನ ಅಂತಾಯಿತು. ಉಳಿದ ಐದೂ ಆ ಎರಡಕ್ಕೆ ಕಾಯುವ ದಿನಗಳು. ಮಂಗಳವಾರ ಮಧ್ಯಾಹ್ನ ಮೂರಕ್ಕೇ ಇಸ್ತ್ರಿ ಸೀರೆ ಉಟ್ಟು ಬಸ್ಸಿಗೆ ನಿಂತಿರುತ್ತಿದ್ದಳು. ಬುಧವಾರ ಅಂಗಡಿಗೆ ಬಂದು ಪಾಠದ ವರದಿ.

"ಕೇಳು ಮುನೀಂದ್ರ. ನಿನ್ನೆ ರೂಪ ಏನಂದ್ಲು ಗೊತ್ತಾ? 'ಅಕ್ಕಾ, ಹಾಲು ಬಂದಳು' ಅಂದ್ಲು!"

"ಬರ್ಲಿ ಬಿಡಿ ಟೀಚರಮ್ಮ. ಹಾಲು ಹೆಣ್ಣೇ ಅಲ್ವಾ, ಕಾಯ್ಸಿದ್ರೆ ಉಕ್ಕುತ್ತೆ."

"ಥೂ ನಿನ್ನ. ಅದಕ್ಕೇ ನೀನು ಕನ್ನಡದಲ್ಲಿ ಮೂವತ್ತೈದು ತಗೊಂಡಿದ್ದು."

ಅವಳು ನಗುವಾಗ ಬಸ್‌ಸ್ಟ್ಯಾಂಡ್ ಮತ್ತೆ ತಿರುಗಿ ನೋಡುತ್ತಿತ್ತು.

ಈ ಜುಲೈ ಕೊನೆಯಲ್ಲಿ ಅವಳು ಬಂದಾಗ ಮಾತ್ರ ಗಂಟಲು ಇರಲಿಲ್ಲ. ಗಿರಾಕಿಗಳು ಕರಗುವವರೆಗೂ ಮೂಟೆ ಪಕ್ಕ ನಿಂತಿದ್ದು, ಆಮೇಲೆ ಮೆಲ್ಲಗೆ ಅಂದಳು:

"ಮುನೀಂದ್ರ, ನಿನ್ನ ಬಿಲ್ ಬುಕ್ಕಲ್ಲಿ ಒಂದು ಹಾಳೆ ಹರಿದ್ಕೊಡೋ."

"ಯಾಕೆ? ಏನ್ ಮಾರಿದ್ರಿ?"

ವಿಷಯ ಹೀಗೆ. ರೂಪಳ ಕಂಪನಿಯವರು ಹೊರಗಿನಿಂದ ಬಂದವರು ಕನ್ನಡ ಕಲಿತರೆ ಅದರ ಖರ್ಚು ಕೊಡುತ್ತೇವೆ ಅಂತ ಹೊಸದಾಗಿ ಹೇಳಿದ್ದಾರೆ. ಆದರೆ ಟೀಚರಿಂದ ಬಿಲ್ಲು ಬೇಕು, ತಿಂಗಳಿಗೆ ಕಡಿಮೆಯೆಂದರೆ ಎಂಟು ಕ್ಲಾಸ್ ಆಗಿರಬೇಕು, ಐದನೇ ತಾರೀಕಿನೊಳಗೆ ಆಫೀಸಿಗೆ ಮುಟ್ಟಬೇಕು. ಇಲ್ಲದಿದ್ದರೆ ಕಂಪನಿಯೇ ಗೊತ್ತು ಮಾಡಿರುವ ಆನ್‌ಲೈನ್ ಕ್ಲಾಸಿಗೆ ಸೇರಿಕೊಳ್ಳಬೇಕು. ಅದೂ ಮಂಗಳವಾರ, ಶುಕ್ರವಾರ ಸಂಜೆಯೇ.

"ರೂಪ ಏನಂತಾಳೆ?"

"'ಅಕ್ಕಾ ಪ್ಲೀಸ್ ಬಿಲ್ ಕೊಡಿ, ನನಗೆ ಕಂಪ್ಯೂಟರ್ ಜೊತೆ ಮಾತಾಡಕ್ಕೆ ಇಷ್ಟ ಇಲ್ಲ' ಅಂದ್ಲು. 'ಇಷ್ಟ ಇಲ್ಲ' ಸರಿಯಾಗಿ ಹೇಳಿದ್ಲು, ನೋಡು." ಅಷ್ಟರಲ್ಲೂ ಟೀಚರು. "ಆ ಎರಡು ಸಂಜೆ ಹೋದ್ರೆ ನಾನು ಆ ಬಸ್ಸನ್ನ ಯಾಕೆ ಹತ್ತಲಿ ಮುನೀಂದ್ರ?"

ನಾನು ರಾಗಿ ಮೂಟೆಯ ಬಾಯಿ ಮಡಚಿದೆ.

"ನನ್ನ ಹಾಳೆ ಕೊಡಕ್ಕಾಗಲ್ಲ," ಅಂದೆ.

"ಒಂದು ಹಾಳೆಗೂ ಜಿಪುಣತನವಾ?"

"ಹಾಳೆಗಲ್ಲ. ಅದರ ತಲೆ ಮೇಲೆ ನನ್ನ ಅಂಗಡಿ ಹೆಸರು, ನನ್ನ ಜಿಎಸ್‌ಟಿ ನಂಬರು ಇದೆ. ಅದರಲ್ಲಿ ನೀವು ಬರೆದ್ರೆ, ಮುನೀಂದ್ರ ರಾಗಿ ಜೊತೆ ಕನ್ನಡನೂ ಮಾರ್ತಾನೆ ಅಂತಾಗುತ್ತೆ. ತೆರಿಗೆಯವರು ಬಂದು ಸಂಧಿ ಬಿಡಿಸು ಅಂದ್ರೆ ನಾನೇನು ಮಾಡ್ಲಿ?"

"ಹಂಗಾದ್ರೆ ನಾನೂ ಒಂದು ಜಿಎಸ್‌ಟಿ ನಂಬರ್ ಮಾಡಿಸ್ಲಾ? ಎಷ್ಟಾಗುತ್ತೆ?"

ಇಲ್ಲಿಯೇ ಜನ ಮೋಸ ಹೋಗುವುದು. ಬಿಲ್ಲು ಅಂದ ಕೂಡಲೇ ಜಿಎಸ್‌ಟಿ ಅಂದುಕೊಳ್ಳುತ್ತಾರೆ. ನಾನು ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ಪಾಠ ಹೇಳುವ ಅವಕಾಶ ಬಾಗಿಲ ಹತ್ತಿರದ ಬೆಂಚಿನವನಿಗೆ ಈ ಜನ್ಮದಲ್ಲಿ ಇನ್ನೊಮ್ಮೆ ಸಿಗುತ್ತಾ?

"ಟೀಚರಮ್ಮ, ನಿಮ್ಮಂಥ ಪಾಠದವರಿಗೆ ವರ್ಷಕ್ಕೆ ಇಪ್ಪತ್ತು ಲಕ್ಷ ದಾಟೋವರೆಗೂ ಆ ನಂಬರ್ ಬೇಕಿಲ್ಲ. ನಿಮ್ಮದು ದಾಟುತ್ತಾ?"

"ಐವತ್ತು ಸಾವಿರ ದಾಟಿದ್ರೆ ಹಬ್ಬ."

"ನಂಬರ್ ಇಲ್ಲದವರು ತೆರಿಗೆ ವಸೂಲಿ ಮಾಡಂಗೂ ಇಲ್ಲ. ಹಂಗಾಗಿ 'ಟ್ಯಾಕ್ಸ್ ಇನ್‌ವಾಯ್ಸ್' ಅಂತ ತಲೆಬರಹ ಹಾಕ್ಬೇಡಿ. ಬರೀ 'ಬಿಲ್' ಅಂತ ಬರೀರಿ. ಅಂಗಡಿಯಲ್ಲಿ ಅಚ್ಚು ಹಾಕಿದ ಬಿಲ್ ಬುಕ್ಕು ಸಿಗುತ್ತಲ್ಲ, ಅದರಲ್ಲಿ ತೆರಿಗೆ ಕಾಲಂ ಇರುತ್ತೆ, ಅದನ್ನ ತರಬೇಡಿ. ಬಿಳಿ ಹಾಳೆ ಸಾಕು. ಕೆಳಗೊಂದು ಸಾಲು: 'ಜಿಎಸ್‌ಟಿ ನೋಂದಣಿ ಇಲ್ಲ, ಜಿಎಸ್‌ಟಿ ಹಾಕಿಲ್ಲ.' ನಮ್ಮಲ್ಲಿ ಇಲ್ಲದ್ದನ್ನ ನಾವೇ ಮೊದಲು ಹೇಳಿಬಿಟ್ರೆ ಯಾರೂ ಕೇಳಲ್ಲ."

"ಉಳಿದಿದ್ದು?"

ಬೆರಳು ಮಡಚುತ್ತಾ ಹೇಳಿದೆ. ಮೇಲೆ ನಿಮ್ಮ ಹೆಸರು, ವಿಳಾಸ, ಫೋನು. ಹೆಸರು ಪ್ಯಾನ್ ಕಾರ್ಡು, ಪಾಸ್‌ಬುಕ್ಕಿನಲ್ಲಿ ಇರುವ ಹಾಗೇ. ಆಫೀಸು ಪ್ಯಾನ್ ನಂಬರ್ ಕೇಳಿದ್ದರೆ ಅದೂ. ಬಿಲ್ಲಿಗೊಂದು ನಂಬರು, ತಾರೀಕು. ಯಾರಿಗೆ, ಅಂದರೆ ರೂಪಳ ಹೆಸರು, ವಿಳಾಸ; ಮೊದಲು ದುಡ್ಡು ಕೊಡುವವಳು ಅವಳು ತಾನೇ, ಆಮೇಲೆ ಕಂಪನಿಯಿಂದ ಅವಳು ಈಸಿಕೊಳ್ಳುತ್ತಾಳೆ. ಏನು ಕೆಲಸ, ಯಾವ ತಿಂಗಳು, ಯಾವ ಯಾವ ತಾರೀಕು, ಎಷ್ಟು ಕ್ಲಾಸು, ಒಂದಕ್ಕೆ ಎಷ್ಟು, ಒಟ್ಟು ಎಷ್ಟು. ಒಟ್ಟು ಅಂಕಿಯಲ್ಲೂ, ಅಕ್ಷರದಲ್ಲೂ. ದುಡ್ಡು ಯಾವ ಖಾತೆಗೆ ಹಾಕಬೇಕು ಅನ್ನುವುದು. ಕೊನೆಗೆ ಸಹಿ.

ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಆಮೇಲೆ ಮುಖ ಅರಳಿತು.

"ಅಯ್ಯೋ, ಇದು ವಿಭಕ್ತಿ ಪ್ರತ್ಯಯ ಕಣೋ! ಯಾರು, ಯಾರಿಗೆ, ಯಾವುದರ, ಯಾವಾಗ. ಇಷ್ಟಕ್ಕೆ ನೀವೆಲ್ಲ ಆಡಿಟರ್‌ಗೆ ದುಡ್ಡು ಕೊಡ್ತೀರಾ?"

"ಪ್ರತ್ಯಯ ತಪ್ಪಾದ್ರೆ ನೀವು ಅರ್ಧ ಮಾರ್ಕು ಕಡಿತೀರಿ. ಅವರು ದಂಡ ಹಾಕ್ತಾರೆ, ಅಷ್ಟೇ ವ್ಯತ್ಯಾಸ."

"ರೆವಿನ್ಯೂ ಸ್ಟಾಂಪು?"

"ಅದು ಬಿಲ್ಲಿಗಲ್ಲ, ರಸೀದಿಗೆ. ಬಿಲ್ಲು ಅಂದ್ರೆ ಕೊಡಿ ಅನ್ನೋದು, ರಸೀದಿ ಅಂದ್ರೆ ಬಂತು ಅನ್ನೋದು. ಐದು ಸಾವಿರ ದಾಟಿದ ರಸೀದಿಗೆ ಒಂದು ರೂಪಾಯಿ ಸ್ಟಾಂಪು. ನಿಮ್ಮದು ಎಂಟು ಕ್ಲಾಸಿಗೆ ನಾಲ್ಕು ಸಾವಿರ. ನನಗೆ ಸ್ಟಾಂಪಿನ ವ್ಯಾಪಾರನೂ ಇಲ್ಲ."

"ನಂಬರ್ ಎಲ್ಲಿಂದ ಶುರು ಮಾಡ್ಲಿ?"

ಆ ಹೊತ್ತಿಗೆ ಒಬ್ಬರು ಗಿರಾಕಿ ಬಂದು ರಾಗಿ ಕೇಳಿದ್ದರು. ನಾನು ಸೇರು ತುಂಬುತ್ತಾ ಅಂದೆ: "ಲಾಭದಿಂದ ಶುರು ಮಾಡಿ. ನಡುವೆ ನಂಬರ್ ಬಿಡಬೇಡಿ, ಒಂದೇ ನಂಬರ್ ಎರಡು ಸಲ ಹಾಕಬೇಡಿ. ಎರಡು ಪ್ರತಿ ಬರೀರಿ, ಒಂದು ನಿಮ್ಮ ಹತ್ರ ಇರ್ಲಿ."

ಅವಳು ತಲೆ ಆಡಿಸಿ ಹೋದಳು.

ಮೂರು ದಿನದ ಮೇಲೆ ಬಂದಳು, ಕೈಯಲ್ಲಿ ಒರಟು ಹಾಳೆ. ಬರೆಯುವುದೆಲ್ಲ ಬರೆದಿದ್ದಳು, ಕ್ಲಾಸಿನ ಸಂಖ್ಯೆಯ ಜಾಗ ಮಾತ್ರ ಖಾಲಿ.

"ಎಂಟು ಅಂತ ಹಾಕಿ, ಮುಗೀತು," ಅಂದೆ.

"ಎಂಟು ದಿನ ಹೋಗಿದ್ದೆ. ಪಾಠ ಮಾಡಿದ್ದು ಆರು ದಿನ."

"ಉಳಿದೆರಡು ದಿನ ಬಾಗಿಲಲ್ಲಿ ನಿಂತಿದ್ರಾ?"

ಹೇಳಿದಳು. ಒಂದು ಶುಕ್ರವಾರ ರೂಪಳಿಗೆ ಜ್ವರ. ಪುಸ್ತಕ ತೆಗೆಯಲಿಲ್ಲ. ಇವಳು ಅಡುಗೆಮನೆಗೆ ಹೋಗಿ ರಾಗಿ ಗಂಜಿ ಕಾಯಿಸಿ, ಉಪ್ಪು ಮಜ್ಜಿಗೆ ಹಾಕಿ ಕುಡಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತಿದ್ದಳು. ಇನ್ನೊಂದು ಮಂಗಳವಾರ ಕರೆಂಟ್ ಹೋಗಿತ್ತು. ಇಬ್ಬರೂ ಬಾಲ್ಕನಿಯಲ್ಲಿ ಕೂತು ಇಳಿಯುವ ವಿಮಾನ ನೋಡುತ್ತಾ ಮಾತಾಡಿದ್ದರು. ರೂಪ ಅವಳಮ್ಮನ ಬಗ್ಗೆ ಹೇಳಿದಳಂತೆ. ಇವಳು ವರಲಕ್ಷ್ಮಮ್ಮನ ಬಗ್ಗೆ ಹೇಳಿದಳಂತೆ. ಕತ್ತಲಲ್ಲಿ ರೂಪ ಕ್ರಿಯಾಪದ ತಪ್ಪಿದರೂ ತಿದ್ದಲಿಲ್ಲವಂತೆ. ಶಶಿರೇಖಾ ತಪ್ಪು ತಿದ್ದದೆ ಬಿಟ್ಟದ್ದು ನಾನು ಕೇಳಿದ ಮೊದಲನೇ ಸಂಗತಿ.

"ಮಾತಾಡಿದ್ದು ಯಾವ ಭಾಷೆ?"

"ಕನ್ನಡಾನೇ. ಇನ್ಯಾವುದು?"

"ಹಂಗಾದ್ರೆ ಕ್ಲಾಸೇ. ಹಾಕಿ ಎಂಟು. ಇಲ್ಲಾಂದ್ರೆ ಆರೇ ಆಗಿದೆ ಅಂತ ಆಫೀಸು ವಾಪಸ್ ಕಳಿಸುತ್ತೆ. ನಿಮ್ಮ ಮಂಗಳವಾರನೂ ಹೋಯ್ತು, ಶುಕ್ರವಾರನೂ ಹೋಯ್ತು."

ಅವಳು ಹಾಳೆಯನ್ನು ನಾಲ್ಕಾಗಿ ಮಡಚಿದಳು. "ಗಂಜಿಗೆ ಐನೂರು ಹಾಕ್ಲಾ ಮುನೀಂದ್ರ?"

ನಾನು ಹಾಳೆಗೆ ಕೈ ಚಾಚಿದೆ. ಅವಳು ಕೊಡಲಿಲ್ಲ.

"ವರ್ಷದಲ್ಲಿ ಆ ಎರಡು ದಿನ ನಾನು ಅವಳ ಮನೆಗೆ ಟೀಚರಾಗಿ ಹೋಗಿರಲಿಲ್ಲ. ಅದಕ್ಕೂ ದರ ಬರೆದ್ರೆ ಅದೂ ಪಾಠವೇ ಆಗೋಯ್ತು. ನೀನು ಬಿಲ್ಲಿಗೆ ಏನೇನು ಸೇರಿಸಬೇಕು ಅಂತ ಹೇಳಿದೆ. ಏನು ಸೇರಿಸಬಾರದು ಅಂತ ಹೇಳಲಿಲ್ಲ."

ನಾನು ವ್ಯಾಪಾರಸ್ಥ. ಧರ್ಮಸಂಕಟ ಬಂದಾಗ ನಮ್ಮ ಕಣ್ಣು ತಕ್ಕಡಿ ಕಡೆ ಹೋಗುತ್ತೆ. ಪಕ್ಕದಲ್ಲಿ ಸೇರು ಇತ್ತು. ಅದರ ಬಾಯಲ್ಲಿ ರಾಗಿ ಗೋಪುರ ಕಟ್ಟಿತ್ತು.

"ನಾನು ಎರಡು ಸೇರು ಅಳೆದ ಮೇಲೆ ಏನು ಹಾಕ್ತೀನಿ?"

"ಕೊಸರು."

"ಅದಕ್ಕೆ ದುಡ್ಡು ತಗೊಂಡಿದ್ದೀನಾ?"

"ಬೆಲ್ಲದಲ್ಲಿ ತಗೋತೀಯ."

"ಅದಿರ್ಲಿ. ಕೊಸರು ನಿಮ್ಮ ಚೀಲಕ್ಕೆ ಬಿದ್ದಿದ್ದು ಸುಳ್ಳಾ? ಅಲ್ಲ. ಅದಕ್ಕೆ ದರ ಇದೆಯಾ? ಇಲ್ಲ. ಬಿಲ್ಲಲ್ಲೂ ಹಂಗೇ ಬರೀಬಹುದು. ಮೊದಲ ಸಾಲು: ಕನ್ನಡ ಪಾಠ, ಆರು ಕ್ಲಾಸು, ತಾರೀಕು ಇಂತಿಂಥದ್ದು, ಐನೂರರಂತೆ ಮೂರು ಸಾವಿರ. ಎರಡನೇ ಸಾಲು: ಕನ್ನಡ ಮಾತುಕತೆ, ಎರಡು ದಿನ, ಇಂತಿಂಥ ತಾರೀಕು, ದರ ಸೊನ್ನೆ. ಆಗಿದ್ದೂ ಬರೆದಂಗಾಯ್ತು, ದುಡ್ಡು ತಗೊಳ್ಳದಂಗೂ ಆಯ್ತು. ಒಪ್ಪೋದು ಬಿಡೋದು ಆಫೀಸಿಗೆ ಸೇರಿದ್ದು."

ಅವಳು ನನ್ನನ್ನೇ ನೋಡಿದಳು. "ಮೇಷ್ಟ್ರು ನಿನಗೆ ಮೂವತ್ತೈದು ಕೊಟ್ಟಿದ್ದು ಅನ್ಯಾಯ ಆಯ್ತೇನೋ," ಅಂದಳು.

ಮರುದಿನವೇ ಬಿಲ್ಲು ಹೋಯಿತು. ನಾಲ್ಕನೇ ತಾರೀಕು ಬೆಳಿಗ್ಗೆ ಅವಳು ಅಂಗಡಿಯಲ್ಲಿದ್ದಾಗ ಫೋನ್ ಬಂತು. ಅವಳ ಫೋನು ಯಾವಾಗಲೂ ಸ್ಪೀಕರಿನಲ್ಲೇ.

"ಮೇಡಂ, ನಮಸ್ಕಾರ. ನಾನು ಸುನಿಲ್‌ಕುಮಾರ್, ರೂಪ ಮೇಡಂ ಆಫೀಸಿನ ಅಕೌಂಟ್ಸಿಂದ. ನಿಮ್ಮ ಬಿಲ್ ಬಂದಿದೆ. ಎಲ್ಲ ಇದೆ, ಚೆನ್ನಾಗಿದೆ. ಆದ್ರೆ ಎರಡು ಡೌಟು."

ಅವಳು ಸ್ಟೂಲಿನ ಅಂಚನ್ನು ಹಿಡಿದುಕೊಂಡಳು. "ಹೇಳಪ್ಪ."

"ಬಿಲ್ ನಂಬರ್ ಇರೋ ಕಡೆ 'ಲಾಭ' ಅಂತ ಬರೆದಿದ್ದೀರಲ್ಲ ಮೇಡಂ?"

ನಾನು ಬೆಲ್ಲದ ಅಚ್ಚನ್ನು ಕೆಳಗಿಟ್ಟೆ. ಅವಳು ನನ್ನ ಕಡೆ ತಿರುಗಿ, ಫೋನು ಮುಚ್ಚದೆಯೇ, "ನೀನೇ ಅಲ್ವೇನೋ ಲಾಭದಿಂದ ಶುರು ಮಾಡು ಅಂದಿದ್ದು? ವ್ಯಾಪಾರದ ಪದ್ಧತಿ ಅಂದ್ಕೊಂಡೆ!" ಅಂದಳು.

"ಬಾಯಲ್ಲಿ ಅನ್ನೋದು, ತಾಯಿ! ಹಾಳೆ ಮೇಲೆ ಅಂಕಿ ಬರೀಬೇಕು!"

"ಹೇಳಬೇಕಿತ್ತು!"

"ಕನ್ನಡ ಟೀಚರಿಗೆ ಕನ್ನಡ ಹೇಳಿಕೊಡ್ಲಾ ನಾನು?"

ಫೋನಿನಲ್ಲಿ ಹುಡುಗ ನಗುತ್ತಿದ್ದ. "ಮೇಡಂ, ನಾನು ಜಡಿಗೇನಹಳ್ಳಿಯವನು. ನಮ್ಮಜ್ಜಿನೂ ಕಣದಲ್ಲಿ ಹಂಗೇ ಎಣಿಸ್ತಿದ್ರು. ನನಗೆ ಅರ್ಥ ಆಗುತ್ತೆ, ಸಿಸ್ಟಂ ತಗೊಳ್ಳಲ್ಲ. ಅಂಕಿ ಹಾಕಿ ಇನ್ನೊಂದು ಬಿಲ್ ಕಳಿಸಿಬಿಡಿ."

"ಎರಡನೇ ಡೌಟು?"

"ಎರಡನೇ ಸಾಲು ಮೇಡಂ. ಉಳಿದಿದ್ದಕ್ಕೆಲ್ಲ ಕೆಳಗೆ ಇಂಗ್ಲಿಷಲ್ಲೂ ಬರೆದಿದ್ದೀರಿ. ಇದಕ್ಕೆ ಬರೀ 'ಕೊಸರು, ಎರಡು ದಿನ, ದರವಿಲ್ಲ' ಅಂತಿದೆ."

ಮಾತುಕತೆ ಅಂತ ಬರೆಯಿರಿ ಅಂದಿದ್ದೆ ನಾನು. ಇವಳು ಕೊಸರು ಅಂತಲೇ ಬರೆದಿದ್ದಾಳೆ.

"ಅದಕ್ಕೆ ಇಂಗ್ಲಿಷ್ ಸಿಗಲಿಲ್ಲಪ್ಪ," ಅಂದಳು.

"ನನಗೂ ಸಿಕ್ತಿಲ್ಲ. ಆದ್ರೆ ಎಂಟು ಕ್ಲಾಸ್ ಲೆಕ್ಕ ತೋರಿಸ್ಬೇಕು ನಾನು. ಆ ಎರಡು ದಿನ ಕನ್ನಡ ನಡೆದಿತ್ತಾ, ಇಲ್ವಾ?"

ಶಶಿರೇಖಾ ಎದುರಿನ ರಸ್ತೆಯಲ್ಲಿ ಹೋಗುವ ಬಸ್ಸನ್ನು ನೋಡಿದಳು. ಅವಳ ಎರಡು ಸಂಜೆ ಆ ಒಂದು ಮಾತಿನ ಮೇಲೆ ನಿಂತಿತ್ತು. ಹೂಂ ಅನ್ನು ಅಂತ ನಾನು ಕೈ ಆಡಿಸಿದೆ.

"ನಡೀತಪ್ಪ," ಅಂದಳು ಕೊನೆಗೆ. "ಕನ್ನಡ ಬಿಟ್ಟು ಇನ್ನೇನೂ ಇರಲಿಲ್ಲ. ಕರೆಂಟೂ ಇರಲಿಲ್ಲ."

"ಅಷ್ಟು ಸಾಕು ಮೇಡಂ. ಸಾಲು ಹಂಗೇ ಇರ್ಲಿ, ಪಕ್ಕದಲ್ಲಿ 'ಉಚಿತ ಸಂಭಾಷಣೆ' ಅಂತ ಸೇರಿಸಿ. ಎಂಟು ಸರಿಹೋಗುತ್ತೆ."

ಹಳೆಯ ಬಿಲ್ಲನ್ನು ತಿದ್ದಬೇಡಿ ಅಂದೆ. ಅವಳ ಪ್ರತಿಯ ಮೇಲೆ ಅಡ್ಡಲಾಗಿ 'ರದ್ದು' ಅಂತ ಬರೆದು ಇಟ್ಟುಕೊಳ್ಳಲು ಹೇಳಿದೆ. ಹೊಸದಕ್ಕೆ ಯಾವ ನಂಬರು? ಒಂದೇ ನಂಬರ್ ಎರಡು ಸಲ ಹಾಕಬಾರದು ಅಂತ ನಾನೇ ಹೇಳಿದ್ದೆನಲ್ಲ. ಲಾಭ ಆದ ಮೇಲೆ ಎರಡು. ಹಾಗಾಗಿ ಶಶಿರೇಖಾ ಟೀಚರ ಮೊದಲ ಬಿಲ್ಲಿನ ನಂಬರು ಎರಡು. ಸುನಿಲ್‌ಕುಮಾರ 'ಒಂದು' ಎಲ್ಲಿ ಅಂತ ಕೇಳಲಿಲ್ಲ. ಅವನಿಗೆ ಗೊತ್ತಿತ್ತು.

ಆ ಶುಕ್ರವಾರ ಅವಳು ಬಸ್ಸಿಗೆ ನಿಂತಾಗ, "ಒಪ್ಪಿಗೆ ಆಯ್ತು ಮುನೀಂದ್ರಾ!" ಅಂತ ರಸ್ತೆ ಆಚೆಯಿಂದಲೇ ಕೂಗಿದಳು. ನಿದ್ದೆ ಮಾಡುತ್ತಿದ್ದ ಆಟೋದವನು ಎದ್ದು ಸ್ಟಾರ್ಟ್ ಮಾಡಿದ.

ಕತೆ ಇಲ್ಲಿಗೆ ಮುಗಿದಿದ್ದರೆ ನನಗೂ ಸಂತೋಷವೇ. ವ್ಯಾಪಾರ ಕುದುರಿದ ಮೇಲೆ ಗಿರಾಕಿ ಮನೆಗೆ ಹೋಗಿ ಏನು ಮಾಡುತ್ತಾನೆ ಅಂತ ಅಂಗಡಿಯವನು ಕೇಳಬಾರದು.

ಆಗಸ್ಟ್ ತಿಂಗಳೆಲ್ಲ ಅವಳು ಬುಧವಾರದ ವರದಿಗೆ ಬರಲಿಲ್ಲ. ತಿಂಗಳ ಕೊನೆಗೆ ರಾಗಿಗೆ ಬಂದಳು, ಜೊತೆಗೆ ಬಿಲ್ಲಿನ ಎರಡು ಪ್ರತಿ ತಂದಿದ್ದಳು, ಕಣ್ಣಾಡಿಸು ಅಂತ. ನಂಬರು ಮೂರು. ಅಂಕಿಯಲ್ಲೇ ಇತ್ತು. ತಾರೀಕು ಸರಿ, ಹೆಸರು ಸರಿ. ಕನ್ನಡ ಪಾಠ, ಎಂಟು ಕ್ಲಾಸು, ನಾಲ್ಕು ಸಾವಿರ. ಅದರ ಕೆಳಗೆ 'ಕೊಸರು' ಅಂತ ಬರೆದು, ಮುಂದೆ ಖಾಲಿ ಬಿಟ್ಟಿದ್ದಳು.

"ಪರವಾಗಿಲ್ಲವೇ, ಎಂಟಕ್ಕೆ ಎಂಟೂ ಪಾಠ! ರೂಪ ಹೇಗಿದ್ದಾಳೆ?"

"ಚೆನ್ನಾಗಿ ಕಲಿತಿದ್ದಾಳೆ. ಹಾಲು ಈಗ ಬರುತ್ತೆ, ಬಂದಳು ಅನ್ನಲ್ಲ."

"ಮತ್ತೆ ಮುಖ ಯಾಕೆ ಹಂಗಿದೆ?"

ಅವಳು ಮೂಟೆಯಿಂದ ನಾಲ್ಕು ಕಾಳು ರಾಗಿ ತೆಗೆದು ಅಂಗೈಯಲ್ಲಿ ಹೊರಳಿಸಿದಳು.

"ಜುಲೈ ಬಿಲ್ಲು ಕೊಟ್ಟಾಗ ಅವಳು ಓದಿದ್ಲು ಮುನೀಂದ್ರ. ಒಂದೊಂದೇ ಅಕ್ಷರ ಕೂಡಿಸಿ, ತಾನೇ ಓದಿದ್ಲು. ನನಗೆ ಎಷ್ಟು ಖುಷಿ ಆಯ್ತು! 'ಕೊಸರು ಅಂದ್ರೆ ಏನು ಅಕ್ಕ' ಅಂದ್ಲು. ದುಡ್ಡು ತಗೊಳ್ದೆ ಮೇಲೆ ಕೊಡೋದು ಅಂದೆ. ಅವಳ ಮುಖ ಸಣ್ಣದಾಯ್ತು. 'ಅಯ್ಯೋ ಅಕ್ಕಾ, ನನ್ನಿಂದ ನಿಮಗೆ ಎರಡು ದಿನ ಲಾಸ್ ಆಯ್ತಾ' ಅಂದ್ಲು."

"ನೀವು ಹೇಳಬೇಕಿತ್ತು."

"ಹೇಳಿದೆ. ಒಳ್ಳೇ ಹುಡುಗಿ ಕಣೋ, ಅದೇ ತೊಂದರೆ. ಅವತ್ತಿಂದ ಬಾಗಿಲು ತೆಗೆದ ಕೂಡಲೇ ಪುಸ್ತಕ ತೆಗೀತಾಳೆ. ಟೈಮ್ ಆದ ಕೂಡಲೇ, 'ಅಕ್ಕಾ ನಿಮ್ಮ ಬಸ್ಸು' ಅಂತ ಎದ್ದು ನಿಲ್ತಾಳೆ. ಹೋದ ವಾರ ಕೆಮ್ತಿದ್ಲು. ಗಂಜಿ ಕಾಯಿಸ್ಲಾ ಅಂದೆ. 'ಬೇಡ ಅಕ್ಕ, ನಾನು ನಿಮಗೆ ಲಾಸ್ ಮಾಡುವುದಿಲ್ಲ' ಅಂದ್ಲು." ಕಾಳುಗಳನ್ನು ಮೂಟೆಗೆ ಹಾಕಿ, "ವಾಕ್ಯ ಪೂರ್ತಿ ಸರಿಯಾಗಿತ್ತು. ತಿದ್ದೋಕೂ ಏನೂ ಇರಲಿಲ್ಲ," ಅಂದಳು.

ಏನಾದರೂ ಕೀಟಲೆ ಮಾತು ಆಡೋಣ ಅಂತ ಹುಡುಕಿದೆ. ಇಷ್ಟು ವರ್ಷದ ಅಂಗಡಿಯಲ್ಲಿ ಒಂದೂ ಸಿಗಲಿಲ್ಲ.

"ಕೊಸರು ಅಂದ್ರೆ ನಷ್ಟ ಅಲ್ಲ ಅಂತ ಹೇಳಿ ಅವಳಿಗೆ. ಗಿರಾಕಿ ಮತ್ತೆ ಬರ್ಲಿ ಅಂತ ಹಾಕೋದು ಅಂತ ಹೇಳಿ."

"ಅದನ್ನ ಯಾವ ಪಾಠದಲ್ಲಿ ಹೇಳ್ಲಿ?"

ಎರಡು ಸೇರು ಅಳೆದೆ. ಲಾಭ, ಎರಡು. ಮೇಲೆ ಹಿಡಿ ಹಾಕುವಾಗ ಹಿಡಿ ಸ್ವಲ್ಪ ದೊಡ್ಡದೇ ಆಯಿತು. ಅವಳು ನೋಡಿ, ಚೀಲದ ಬಾಯಿ ಕಟ್ಟಿದಳು. ಬೆಲ್ಲ ಬೇಕಾ ಅಂತ ನಾನು ಕೇಳಲಿಲ್ಲ.

"ಒಂದು ತಪ್ಪಿದೆ," ಅಂದೆ ಬಿಲ್ಲು ವಾಪಸ್ ಕೊಡುತ್ತಾ. "ಬಿಲ್ಲಿನಲ್ಲಿ ಖಾಲಿ ಸಾಲು ಬಿಡಬಾರದು. ಆಮೇಲೆ ಯಾರು ಏನು ಬೇಕಾದ್ರೂ ಸೇರಿಸಬಹುದು. ಅಡ್ಡ ಗೆರೆ ಎಳೆದುಬಿಡಿ."

ಅವಳು ನನ್ನ ಲೆಕ್ಕದ ಸ್ಕೇಲು ಕೇಳಿ ಈಸಿಕೊಂಡಳು. ಡಬ್ಬದ ಮುಚ್ಚಳದ ಮೇಲೆ ಆಫೀಸಿಗೆ ಹೋಗುವ ಪ್ರತಿಯನ್ನು ಇಟ್ಟು, ಕೊಸರಿನ ಸಾಲಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದಳು. ಟೀಚರ ಗೆರೆ, ಸೊಟ್ಟ ಇರಲಿಲ್ಲ.

ಆಮೇಲೆ ತನ್ನ ಪ್ರತಿಯನ್ನು ಎತ್ತಿಕೊಂಡಳು. ಸ್ಕೇಲು ಅದರ ಮೇಲಿಟ್ಟು ನೋಡಿದಳು.

"ಇದಕ್ಕೂ ಎಳೀರಿ," ಅಂದೆ.

"ಇದನ್ನ ಯಾರೂ ನೋಡಲ್ಲ ಬಿಡು," ಅಂದಳು. ಗೆರೆ ಎಳೆಯದೆ ಮಡಚಿ ಬ್ಯಾಗಿನೊಳಗೆ ಇಟ್ಟುಕೊಂಡು, ರಾಗಿ ಚೀಲ ಕಂಕುಳಿಗೆ ಸೇರಿಸಿ, ಬೇಳೆಯ ದರ ಕೇಳದೆ ಹೊರಟಳು.